ಬಿ.ಪಿ. ಮಾತ್ರೆ ಮತ್ತು ಬೆಳೆಯುವ ಒಸಡು

ಕೆಲವು ಔಷಧಿಗಳಿಂದ ಒಸಡು ಬೆಳೆಯುತ್ತದೆ. ಇವತ್ತಿನ ಮಾತು ಅದರ ಬಗ್ಗೆ. ಹಲ್ಲು ಸವೆಯುವುದು, ಒಸಡು ಕರಗುವುದು ಎಲ್ಲರಿಗೂ ಗೊತ್ತು. ಒಸಡು ಬೆಳೆದು ಹಲ್ಲಿನ ಮೇಲೆ ಏರುತ್ತದೆ ಎಂದರೆ ಹಲವರಿಗೆ ನಂಬಿಕೆ ಬರುವುದಿಲ್ಲ. ಆದರೆ ಇದು ನಡೆಯುತ್ತದೆ. ಇದಕ್ಕೆ ಕಾರಣವಾಗುವ ಔಷಧಿಗಳಲ್ಲಿ ಮೂರು ಗುಂಪುಗಳು ಮುಖ್ಯ. ಮೊದಲನೆಯದು ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ನಿಫೆಡಿಪಿನ್ ಜಾತಿಯ ಮಾತ್ರೆಗಳು. ಎರಡನೆಯದು ಮೂರ್ಛೆ ರೋಗಕ್ಕೆ, ಅಂದರೆ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್. ಮೂರನೆಯದು ಕಿಡ್ನಿ ಅಥವಾ ಬೇರೆ ಅಂಗದ ಕಸಿ ಆದವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾಯಿಲೆಗಳಿವು. ಪರಿಣಾಮ ಮಾತ್ರ ಒಂದೇ. ಇದು ಹೊಸ ವಿಷಯವೂ ಅಲ್ಲ. ಫೆನಿಟಾಯಿನ್ ಮೂರ್ಛೆ ರೋಗಕ್ಕೆ ಬಳಕೆಗೆ ಬಂದದ್ದು 1938ರಲ್ಲಿ. ಮರುವರ್ಷವೇ, 1939ರಲ್ಲಿ, ಅದನ್ನು ತೆಗೆದುಕೊಳ್ಳುವವರ ಒಸಡು ಬೆಳೆಯುತ್ತಿದೆ ಎಂಬ ವರದಿ ಬಂತು. ಉಳಿದ ಎರಡು ಗುಂಪುಗಳ ಬಗ್ಗೆ ಇಂಥದೇ ವರದಿಗಳು 1980ರ ದಶಕದಲ್ಲಿ ಬಂದವು.

ಈ ಬೆಳವಣಿಗೆ ಹೇಗಿರುತ್ತದೆ? ಎರಡು ಹಲ್ಲುಗಳ ನಡುವೆ ತ್ರಿಕೋನದಂತೆ ಒಸಡಿನ ಚೂಪು ತುದಿ ಇರುತ್ತದೆ. ನಾಲಿಗೆಯ ತುದಿಯಿಂದ ಮುಟ್ಟಿದರೆ ನಿಮಗೇ ತಿಳಿಯುತ್ತದೆ. ಬೆಳವಣಿಗೆ ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಅದರಲ್ಲೂ ಮುಂದಿನ ಹಲ್ಲುಗಳ ತುಟಿಯ ಕಡೆಯಲ್ಲಿ ಮೊದಲು. ಚೂಪಾಗಿದ್ದ ತುದಿ ಉರುಟಾಗಿ, ಸಣ್ಣ ಮಣಿಯಂತೆ ಉಬ್ಬುತ್ತದೆ. ನೋವು ಇರುವುದಿಲ್ಲ. ಆಮೇಲೆ ಅಕ್ಕಪಕ್ಕದ ಉಬ್ಬುಗಳು ಕೂಡಿಕೊಳ್ಳುತ್ತವೆ. ಹಲ್ಲಿನ ಕಾಲುಭಾಗ, ಕೆಲವರಲ್ಲಿ ಅರ್ಧಭಾಗ, ಒಸಡಿನ ಕೆಳಗೆ ಮರೆಯಾಗುತ್ತದೆ. ಹಲ್ಲು ಗಿಡ್ಡವಾದಂತೆ ತೋರುತ್ತದೆ. ಮಾತ್ರೆ ಶುರುವಾಗಿ ಒಂದರಿಂದ ಮೂರು ತಿಂಗಳಲ್ಲಿ ಇದು ಆರಂಭವಾಗಬಹುದು. ಅಮ್ಲೊಡಿಪಿನ್ ತೆಗೆದುಕೊಳ್ಳುವವರಲ್ಲಿ ಎಷ್ಟೋ ಸಲ ಇನ್ನೂ ತಡವಾಗಿ ಗಮನಕ್ಕೆ ಬರುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಅಂಕಿ ಬದಲಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಅರ್ಧದಷ್ಟು ಜನ. ಸೈಕ್ಲೊಸ್ಪೊರಿನ್‌ನಲ್ಲಿ ನಾಲ್ವರಲ್ಲಿ ಒಬ್ಬರು, ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು. ನಿಫೆಡಿಪಿನ್‌ನಲ್ಲಿ ಹತ್ತು ಜನರಲ್ಲಿ ಒಬ್ಬರ ಆಸುಪಾಸು. ಅಮ್ಲೊಡಿಪಿನ್‌ನಲ್ಲಿ ನೂರಕ್ಕೆ ಎರಡು ಮೂರು ಜನ. ಈ ಕೊನೆಯ ಅಂಕಿ ಚಿಕ್ಕದು. ಆದರೆ ಅಮ್ಲೊಡಿಪಿನ್ ನುಂಗುವವರ ಸಂಖ್ಯೆ ಬಹಳ ದೊಡ್ಡದು. ದಿನಕ್ಕೆ ಒಂದು ಮಾತ್ರೆ ಸಾಕು, ಬೆಲೆ ಕಡಿಮೆ, ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಹಾಗಾಗಿ ನಮ್ಮ ನಡುವೆ ಇಂಥ ಒಸಡು ಕಂಡುಬಂದರೆ ಅದರ ಹಿಂದೆ ಬಿ.ಪಿ. ಮಾತ್ರೆ ಇರುವ ಸಾಧ್ಯತೆ ಸಾಕಷ್ಟಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಮೂರು ಗುಂಪಿನ ಔಷಧಿಗಳಿಂದ ಕೆಲವರಲ್ಲಿ ಒಸಡು ನೋವಿಲ್ಲದೆ ಬೆಳೆಯುತ್ತದೆ. ಈಗ ಕಾರಣಕ್ಕೆ ಬರೋಣ. ನನ್ನ ವಾದವೆಲ್ಲ ಈ ಕಾರಣದ ಮೇಲೆಯೇ ನಿಂತಿದೆ. ಒಸಡಿನ ಗಟ್ಟಿತನಕ್ಕೆ ಕೊಲಾಜನ್ ಎಂಬ ನಾರು ಕಾರಣ. ಈ ನಾರನ್ನು ಹೊಸದಾಗಿ ಕಟ್ಟುವ ಕೋಶಗಳೇ ಹಳೆಯ ನಾರನ್ನು ಕರಗಿಸಿ ತೆಗೆಯುವ ಕೆಲಸವನ್ನೂ ಮಾಡುತ್ತವೆ. ಕಟ್ಟುವುದು ಮತ್ತು ಕರಗಿಸುವುದು ಸಮವಾಗಿದ್ದರೆ ಒಸಡು ಇದ್ದಷ್ಟೇ ಇರುತ್ತದೆ. ಈ ಮೂರೂ ಔಷಧಿಗಳು, ಒಂದೊಂದೂ ತನ್ನ ರೀತಿಯಲ್ಲಿ, ಕೋಶದಲ್ಲಿ ಕ್ಯಾಲ್ಸಿಯಂನ ವ್ಯವಹಾರವನ್ನು ಬದಲಿಸುತ್ತವೆ. ಅದರಿಂದ ಕೋಶದೊಳಕ್ಕೆ ಫೋಲಿಕ್ ಆಮ್ಲ ಹೋಗುವುದು ಕುಗ್ಗುತ್ತದೆ, ನಾರು ಕರಗಿಸುವ ಕಿಣ್ವದ ಕೆಲಸ ಹಿಂದೆ ಬೀಳುತ್ತದೆ. ಕಟ್ಟುವುದು ನಡೆದೇ ಇರುತ್ತದೆ, ತೆಗೆಯುವುದು ನಿಧಾನವಾಗುತ್ತದೆ. ಇದು ತಜ್ಞರು ಕೊಡುವ ಒಂದು ವಿವರಣೆ. ಆದರೆ ಕತೆ ಇಷ್ಟಕ್ಕೇ ಮುಗಿದಿದ್ದರೆ ಬಾಯಿಯ ಎಲ್ಲ ಭಾಗವೂ ಒಂದೇ ಸಮ ಬೆಳೆಯಬೇಕಿತ್ತು. ಹಾಗಾಗುವುದಿಲ್ಲ. ಹಲ್ಲು ಇಲ್ಲದ ಜಾಗದಲ್ಲಿ ಈ ಬೆಳವಣಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಹಲ್ಲು ಕೀಳಿಸಿದರೆ ಅದರ ಸುತ್ತ ಬೆಳೆದಿದ್ದ ಒಸಡು ಹೆಚ್ಚಾಗಿ ಕುಗ್ಗುತ್ತದೆ. ಪಾಚಿ ಕಟ್ಟಿದ ಹಲ್ಲುಗಳ ಸುತ್ತ ಬೆಳವಣಿಗೆ ಹೆಚ್ಚು, ಶುಚಿಯಾದ ಹಲ್ಲುಗಳ ಸುತ್ತ ಕಡಿಮೆ. ಇದರಿಂದ ತಿಳಿಯುವುದೇನು? ಔಷಧಿ ಒಂದು ಕೈ, ಹಲ್ಲಿಗೆ ಅಂಟುವ ಪಾಚಿ ಇನ್ನೊಂದು ಕೈ. ಪಾಚಿಯ ಬ್ಯಾಕ್ಟೀರಿಯಾದಿಂದ ಒಸಡಿಗೆ ಉರಿಯೂತ ಬರುತ್ತದೆ. ಉರಿಯೂತವಿರುವ ಕಡೆ ಔಷಧಿಯ ಪರಿಣಾಮ ಜೋರಾಗುತ್ತದೆ. ಬೆಳೆದ ಒಸಡಿನ ಮರೆಯಲ್ಲಿ ಬ್ರಶ್ ತಲುಪುವುದಿಲ್ಲ. ಅಲ್ಲಿ ಮತ್ತಷ್ಟು ಪಾಚಿ, ಮತ್ತಷ್ಟು ಉರಿಯೂತ, ಮತ್ತಷ್ಟು ಬೆಳವಣಿಗೆ. ಆದ್ದರಿಂದ ಇದನ್ನು ಹತೋಟಿಗೆ ತರುವ ಕೆಲಸ ಪಾಚಿಯಿಂದ ಶುರುವಾಗಬೇಕು. ಔಷಧಿ ಬದಲಿಸುವುದು ಎರಡನೆಯದು. ಕತ್ತರಿಸುವುದು ಮೂರನೆಯದು. ಈ ಕ್ರಮ ತಪ್ಪಿದರೆ ರೋಗಿಗೆ ನಷ್ಟ.

ಒಂದು ಆಕ್ಷೇಪ ಇಲ್ಲಿಯೇ ಏಳುತ್ತದೆ. ಒಬ್ಬರು ಹೇಳಬಹುದು: ನಾನು ದಿನಾ ಎರಡು ಹೊತ್ತು ಹಲ್ಲುಜ್ಜುತ್ತೇನೆ, ಆದರೂ ಒಸಡು ಬೆಳೆದಿದೆ. ಅದೇ ಮಾತ್ರೆ ನುಂಗುವ, ಹಲ್ಲಿನ ಗೊಡವೆಗೇ ಹೋಗದ ನಮ್ಮ ಅಣ್ಣನಿಗೆ ಏನೂ ಆಗಿಲ್ಲ. ಹಾಗಾದರೆ ಪಾಚಿಯ ಮಾತು ಸುಳ್ಳಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೀಗೆ. ಕೆಲವರ ಒಸಡಿನ ಕೋಶಗಳು ಈ ಔಷಧಿಗಳಿಗೆ ಹುಟ್ಟಿನಿಂದಲೇ ಹೆಚ್ಚು ಸ್ಪಂದಿಸುತ್ತವೆ. ಅಂಥವರಿಗೆ ಅಲ್ಪ ಪಾಚಿಯೇ ಸಾಕು. ಅಂಥ ಗುಣವಿಲ್ಲದವರು ಎಷ್ಟು ಅಶುಚಿಯಾಗಿದ್ದರೂ ಈ ಬೆಳವಣಿಗೆಯಿಂದ ಪಾರಾಗಬಹುದು. ಶುಚಿತ್ವದಿಂದ ಈ ತೊಂದರೆ ಪೂರ್ತಿ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅತಿಶಯ. ಶುಚಿತ್ವದಿಂದ ತೀವ್ರತೆ ಇಳಿಯುತ್ತದೆ ಎಂಬುದಷ್ಟೇ ಸತ್ಯ. ಹುಟ್ಟಿನ ಗುಣವನ್ನು ನಾವು ಬದಲಿಸಲಾರೆವು. ಮಾತ್ರೆಯನ್ನು ಕೆಲವೊಮ್ಮೆ ಮಾತ್ರ ಬದಲಿಸಬಹುದು. ಪಾಚಿಯನ್ನು ಪ್ರತಿಯೊಬ್ಬ ರೋಗಿಯಲ್ಲೂ ತೆಗೆಯಬಹುದು. ಅದು ಮೊದಲು ಬರಬೇಕು ಎನ್ನುವುದು ಇದಕ್ಕೇ.

ಕಾರಣ ತಿಳಿಯಿತು, ಕ್ರಮವೂ ತಿಳಿಯಿತು. ಇನ್ನು ಅದು ಆಚರಣೆಯಲ್ಲಿ ಹೇಗೆ ನಡೆಯುತ್ತದೆ ಎಂದು ನೋಡೋಣ. ಇದಕ್ಕಾಗಿ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 55. ಎರಡು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಒಂದೇ ಮಾತ್ರೆ. ಮೇಲಿನ ಮುಂದಿನ ಹಲ್ಲುಗಳ ನಡುವೆ ಒಸಡು ಉಬ್ಬಿದೆ, ಉಜ್ಜುವಾಗ ರಕ್ತ ಬರುತ್ತದೆ. ದಂತವೈದ್ಯರು ಯಾವ ಮಾತ್ರೆ ಎಂದು ಕೇಳುತ್ತಾರೆ. ಬಿ.ಪಿ. ಮಾತ್ರೆ ಎಂದಷ್ಟೇ ಇವರ ಉತ್ತರ. ಅಷ್ಟು ಸಾಲದು. ಬಿ.ಪಿ.ಗೆ ಹತ್ತಾರು ಬಗೆಯ ಔಷಧಿಗಳಿವೆ, ಹೆಚ್ಚಿನವು ಒಸಡನ್ನು ಬೆಳೆಸುವುದಿಲ್ಲ. ಸ್ಟ್ರಿಪ್ ತರಿಸಿ ನೋಡಿದಾಗ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಅಮ್ಲೊಡಿಪಿನ್ 5 ಮಿಲಿಗ್ರಾಂ. ಒಂದೇ ಮಾತ್ರೆಯಲ್ಲಿ ಎರಡು ಔಷಧಿ. ನಮ್ಮಲ್ಲಿ ಇಂಥ ಜೋಡಿ ಮಾತ್ರೆಗಳು ಬಹಳ. ತಾವು ಅಮ್ಲೊಡಿಪಿನ್ ನುಂಗುತ್ತಿದ್ದೇವೆ ಎಂಬುದೇ ರೋಗಿಗೆ ಗೊತ್ತಿರುವುದಿಲ್ಲ.

ಅಮ್ಲೊಡಿಪಿನ್ ಸಿಕ್ಕಿತು ಎಂದಕೂಡಲೇ ತೀರ್ಮಾನಕ್ಕೆ ಬರಬಾರದು. ಒಸಡು ಊದಲು ಬೇರೆ ಕಾರಣಗಳೂ ಇವೆ. ಬರಿಯ ಪಾಚಿಯ ಉರಿಯೂತದಿಂದಲೂ ಊದುತ್ತದೆ. ಗರ್ಭಿಣಿಯರಲ್ಲಿ ಊದುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ರಕ್ತದ ಕ್ಯಾನ್ಸರ್. ಇದನ್ನು ಹೇಗೆ ಗುರುತಿಸುವುದು? ಔಷಧಿಯ ಬೆಳವಣಿಗೆ ನಿಧಾನ, ತಿಂಗಳುಗಟ್ಟಲೆ. ರಕ್ತದ ಕ್ಯಾನ್ಸರಿನಲ್ಲಿ ಕೆಲವೇ ವಾರಗಳಲ್ಲಿ ಒಸಡು ಊದಿಬಿಡುತ್ತದೆ. ಜೊತೆಗೆ ಸುಸ್ತು, ಜ್ವರ, ಮುಖ ಬಿಳುಚಿಕೊಳ್ಳುವುದು, ಪೆಟ್ಟು ಬೀಳದೆಯೂ ಚರ್ಮದ ಮೇಲೆ ಕಂದು ನೀಲಿ ಕಲೆಗಳು. ಸಂಶಯ ಬಂದರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ನಮ್ಮ ರೋಗಿಯಲ್ಲಿ ಅಂಥ ಲಕ್ಷಣವಿಲ್ಲ. ದಂತವೈದ್ಯರು ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಒಸಡು ಮತ್ತು ಹಲ್ಲಿನ ನಡುವಿನ ಆಳ ಅಳೆಯುತ್ತಾರೆ. ಆರೋಗ್ಯವಂತ ಒಸಡಿನಲ್ಲಿ ಇದು ಮೂರು ಮಿಲಿಮೀಟರಿನೊಳಗೆ. ಇವರಲ್ಲಿ ಆರು. ಈ ಆಳ ಎರಡು ರೀತಿಯಲ್ಲಿ ಬರಬಹುದು. ಒಸಡು ಮೇಲೆ ಬೆಳೆದು ಬಂದಿರಬಹುದು, ಅಥವಾ ಒಳಗೆ ಹಲ್ಲು ಹಿಡಿದಿರುವ ಮೂಳೆ ಕರಗಿರಬಹುದು. ಎರಡೂ ಇರಬಹುದು. ಎಕ್ಸ್‌ರೇ ತೆಗೆದರೆ ತಿಳಿಯುತ್ತದೆ. ಇವರ ಮೂಳೆ ಬಹುತೇಕ ಸರಿಯಾಗಿದೆ ಎಂದಿಟ್ಟುಕೊಳ್ಳೋಣ.

ಈಗ ಮೊದಲ ಹೆಜ್ಜೆ, ಶುಚಿಗೊಳಿಸುವುದು. ಪಾಚಿ ಹಲ್ಲಿನ ಮೇಲೆ ಗಟ್ಟಿಯಾಗಿ ಕಲ್ಲಿನಂತಾದರೆ ಬ್ರಶ್ಶಿಗೆ ಅದು ಹೋಗುವುದಿಲ್ಲ. ದಂತವೈದ್ಯರೇ ತೆಗೆಯಬೇಕು. ಇದಕ್ಕೆ ಸ್ಕೇಲಿಂಗ್ ಎನ್ನುತ್ತಾರೆ, ನಾವು ಹಲ್ಲು ಕ್ಲೀನ್ ಮಾಡಿಸುವುದು ಎನ್ನುತ್ತೇವೆ. ಒಸಡಿನ ಕೆಳಗೂ ಮಾಡಬೇಕಾಗಿರುವುದರಿಂದ ಎರಡು ಮೂರು ಸಲ ಹೋಗಬೇಕಾಗಬಹುದು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಹಳೆಯದು. ಇದನ್ನು ತಳ್ಳಿಹಾಕದೆ ವಿವರಿಸಬೇಕು. ಹಲ್ಲುಗಳ ಸಂದಿಯಲ್ಲಿ ತುಂಬಿಕೊಂಡಿದ್ದ ಗಟ್ಟಿ ಪಾಚಿ ಹೋದಾಗ ಆ ಜಾಗ ಖಾಲಿಯಾಗಿ ನಾಲಿಗೆಗೆ ಸಿಗುತ್ತದೆ. ಊದಿದ್ದ ಒಸಡು ಕುಗ್ಗಿದಾಗ ಸಂದಿ ಇನ್ನೂ ದೊಡ್ಡದೆನಿಸುತ್ತದೆ. ಮೂಳೆ ಮೊದಲೇ ಕರಗಿದ್ದರೆ ಹಲ್ಲು ಅಲುಗಾಡುವುದೂ ಅರಿವಿಗೆ ಬರುತ್ತದೆ. ಅಲುಗಾಟಕ್ಕೆ ಕಾರಣ ಕರಗಿದ ಮೂಳೆ. ಕ್ಲೀನಿಂಗ್ ಅದನ್ನು ಮುಚ್ಚಿದ್ದ ಪಾಚಿಯನ್ನು ತೆಗೆಯಿತು, ಅಷ್ಟೆ. ಮನೆಯಲ್ಲಿ ಮೃದುವಾದ ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಎರಡು ಹೊತ್ತು ಉಜ್ಜಬೇಕು. ಸಂದಿಗೆ ಹೋಗುವ ಸಣ್ಣ ಬ್ರಶ್ ಬೇರೆ ಸಿಗುತ್ತದೆ, ಅದನ್ನು ದಿನಕ್ಕೊಮ್ಮೆ ಬಳಸಬೇಕು. ವೈದ್ಯರು ಹೇಳಿದರೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಎರಡು ವಾರ ಬಾಯಿ ಮುಕ್ಕಳಿಸಬಹುದು. ಅದನ್ನು ಪೇಸ್ಟಿನ ಬೆನ್ನಿಗೇ ಬಳಸಬಾರದು, ಅರ್ಧ ಗಂಟೆ ಬಿಡಬೇಕು. ಪೇಸ್ಟಿನ ಅಂಶಗಳು ಅದರ ಶಕ್ತಿ ಕುಗ್ಗಿಸುತ್ತವೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ನಾಲ್ಕರಿಂದ ಆರು ವಾರದಲ್ಲಿ ನಮ್ಮ ರೋಗಿಗೆ ರಕ್ತ ಬರುವುದು ನಿಂತಿದೆ. ಕೆಂಪು ಇಳಿದಿದೆ. ಉಬ್ಬು ಸ್ವಲ್ಪ ತಗ್ಗಿದೆ. ಪೂರ್ತಿ ಹೋಗಿಲ್ಲ. ಉಳಿದದ್ದು ನಾರಿನ ಗಟ್ಟಿ ಭಾಗ.

ಮೊದಲ ಹೆಜ್ಜೆ ಮುಗಿಯಿತು, ಉರಿಯೂತ ಹೋಯಿತು, ಬೆಳವಣಿಗೆ ಉಳಿಯಿತು. ಎರಡನೆಯ ಹೆಜ್ಜೆ ಔಷಧಿಯ ಬದಲಾವಣೆ. ಇಲ್ಲಿ ದಂತವೈದ್ಯರು ಮಾತ್ರೆ ನಿಲ್ಲಿಸಿ ಎನ್ನಬಾರದು, ರೋಗಿಯೂ ತಾನಾಗಿ ನಿಲ್ಲಿಸಬಾರದು. ದಂತವೈದ್ಯರು ಬಿ.ಪಿ. ನೋಡುವ ಡಾಕ್ಟರಿಗೆ ಒಂದು ಚೀಟಿ ಬರೆಯಬೇಕು: ಇವರ ಒಸಡಿನ ಬೆಳವಣಿಗೆಗೆ ಅಮ್ಲೊಡಿಪಿನ್ ಕಾರಣವಿರಬಹುದು, ಬೇರೆ ಔಷಧಿ ಸಾಧ್ಯವೇ ಎಂದು. ನಮ್ಮ ರೋಗಿಯ ಡಾಕ್ಟರು ಟೆಲ್ಮಿಸಾರ್ಟನ್ ಉಳಿಸಿ, ಅಮ್ಲೊಡಿಪಿನ್ ಜಾಗದಲ್ಲಿ ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಕ್ಲೋರ್‌ಥಾಲಿಡೋನ್ ಸೇರಿಸುತ್ತಾರೆ. ರಕ್ತದ ಸೋಡಿಯಂ, ಪೊಟ್ಯಾಸಿಯಂ ನೋಡಿಸುತ್ತಾರೆ. ಕೆಲವು ವಾರ ಬಿ.ಪಿ. ಅಳತೆ ಬರೆದಿಡಲು ಹೇಳುತ್ತಾರೆ. ಅಮ್ಲೊಡಿಪಿನ್ ಬಿಡಿಸಿ ನಿಫೆಡಿಪಿನ್ ಕೊಟ್ಟರೆ ಪ್ರಯೋಜನವಿಲ್ಲ, ಎರಡೂ ಒಂದೇ ಮನೆತನ. ಮಾತ್ರೆ ಬದಲಾದ ಮರುವಾರವೇ ಒಸಡು ಇಳಿಯುವುದಿಲ್ಲ. ಕಟ್ಟಿಕೊಂಡ ನಾರು ಕರಗಬೇಕು. ಒಂದರಿಂದ ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ, ಆರು ತಿಂಗಳವರೆಗೂ ಕಾಯಬೇಕಾಗಬಹುದು. ಕಾಯುವಾಗ ಶುಚಿತ್ವ ನಿಲ್ಲಿಸಿದರೆ ಮಾತ್ರೆ ಬದಲಿಸಿದ್ದರ ಫಲ ಅರ್ಧಕ್ಕೇ ನಿಲ್ಲುತ್ತದೆ. ಮಾತ್ರೆಯಿಂದ ತೊಂದರೆ ಎಂದು ಗೊತ್ತಿದ್ದೂ ಅಮ್ಲೊಡಿಪಿನ್ ಏಕೆ ಕೊಡುತ್ತಾರೆ ಎಂದು ಕೆಲವರು ಕೋಪಿಸಿಕೊಳ್ಳುತ್ತಾರೆ. ನೂರಕ್ಕೆ ತೊಂಬತ್ತೇಳು ಜನರಿಗೆ ಒಸಡಿನ ತೊಂದರೆ ಕೊಡದೆ, ಲಕ್ವ ಮತ್ತು ಹೃದಯಾಘಾತದ ಅಪಾಯ ತಗ್ಗಿಸುವ ಔಷಧಿ ಅದು. ಅದನ್ನು ಕೊಡುವುದರಲ್ಲಿ ತಪ್ಪಿಲ್ಲ. ಕೊಡುವಾಗ ಒಸಡನ್ನು ಗಮನಿಸಿಕೊಳ್ಳಿ ಎಂದು ಒಂದು ಮಾತು ಹೇಳದಿರುವುದು ತಪ್ಪು.

ಬಿ.ಪಿ. ಮಾತ್ರೆಯ ಬದಲಾವಣೆ ಇಷ್ಟು ಸುಲಭವಾದರೆ, ಉಳಿದ ಎರಡು ಔಷಧಿಗಳದ್ದು ಹಾಗಲ್ಲ. ಫೆನಿಟಾಯಿನ್ ಒಮ್ಮೆಗೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಬದಲಿಸುವುದಾದರೆ ನರರೋಗ ತಜ್ಞರು ಲೆವೆಟಿರಾಸೆಟಮ್‌ನಂಥ ಬೇರೆ ಔಷಧಿ ಶುರುಮಾಡಿ, ಹಳೆಯದನ್ನು ಮೆಲ್ಲಗೆ ಇಳಿಸುತ್ತಾರೆ. ಫೆನಿಟಾಯಿನ್ ಮಕ್ಕಳಿಗೆ ಬೇಕೇ ಬೇಕಾದಾಗ ಒಂದು ದಾರಿ ಇದೆ. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫೆನಿಟಾಯಿನ್ ಶುರುಮಾಡಿದ ಸುಮಾರು 120 ಮಕ್ಕಳಲ್ಲಿ ಕೆಲವರಿಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಫೋಲಿಕ್ ಆಮ್ಲ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಆರು ತಿಂಗಳ ನಂತರ ಹುಸಿ ಮಾತ್ರೆಯವರಲ್ಲಿ ಹತ್ತಕ್ಕೆ ಒಂಬತ್ತು ಮಕ್ಕಳ ಒಸಡು ಬೆಳೆದಿತ್ತು. ಫೋಲಿಕ್ ಆಮ್ಲದವರಲ್ಲಿ ಐವರಲ್ಲಿ ಒಬ್ಬರದು ಮಾತ್ರ. ಇದು ಗಮನಾರ್ಹ ವ್ಯತ್ಯಾಸ. ಆದರೆ ಇದು ಬರುವುದನ್ನು ತಡೆಯುವ ಮಾತು, ಬಂದದ್ದನ್ನು ಇಳಿಸುವ ಮಾತಲ್ಲ. ಫೋಲಿಕ್ ಆಮ್ಲ ಹೆಚ್ಚಾದರೆ ರಕ್ತದಲ್ಲಿ ಫೆನಿಟಾಯಿನ್ ಇಳಿದು ಫಿಟ್ಸ್ ಮರುಕಳಿಸಬಹುದು. ಅಂಗಡಿಯಿಂದ ತಂದು ತಾವೇ ಕೊಡುವ ಮಾತ್ರೆ ಅಲ್ಲ ಅದು. ಕಸಿ ಆದವರ ಮಾತಿಗೆ ಬಂದರೆ, ಸೈಕ್ಲೊಸ್ಪೊರಿನ್ ಬದಲು ಟ್ಯಾಕ್ರೊಲಿಮಸ್ ಕೊಟ್ಟರೆ ಒಸಡಿನ ತೊಂದರೆ ಬಹಳ ಕಡಿಮೆ. ಆದರೆ ಒಂದು ಡೋಸ್ ತಪ್ಪಿದರೂ ದೇಹ ಕಸಿ ಅಂಗವನ್ನು ತಿರಸ್ಕರಿಸುವ ಭಯವಿದೆ. ತೀರ್ಮಾನ ಕಸಿ ಮಾಡಿದ ತಂಡದ್ದೇ. ಅಜಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ಕನ್ನು ಮೂರು ನಾಲ್ಕು ದಿನ ಕೊಟ್ಟು ಸೈಕ್ಲೊಸ್ಪೊರಿನ್ ಬೆಳವಣಿಗೆ ಇಳಿಸಿದ ಅನುಭವ ಹಲವೆಡೆ ಇದೆ. ಅದರ ಸಂಬಂಧಿಗಳಾದ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಮಾತ್ರ ರಕ್ತದಲ್ಲಿ ಸೈಕ್ಲೊಸ್ಪೊರಿನ್ ಏರಿಸಿ ಕಿಡ್ನಿಗೆ ಹಾನಿ ಮಾಡಬಲ್ಲವು. ಹೆಸರು ಹತ್ತಿರ, ಪರಿಣಾಮ ದೂರ. ಇನ್ನೂ ಒಂದು ಮಾತು: ಕಸಿ ಆದವರಿಗೆ ಬಿ.ಪಿ. ಕೂಡ ಇರುವುದು ಸಾಮಾನ್ಯ. ಸೈಕ್ಲೊಸ್ಪೊರಿನ್ ಜೊತೆ ನಿಫೆಡಿಪಿನ್ ಸೇರಿದರೆ ಒಸಡಿನ ಬೆಳವಣಿಗೆ ಒಂದರಿಂದ ಬರುವುದಕ್ಕಿಂತ ಜೋರು.

ಶುಚಿಗೊಳಿಸಿದ್ದಾಯಿತು, ಸಾಧ್ಯವಿದ್ದ ಕಡೆ ಔಷಧಿ ಬದಲಿಸಿದ್ದಾಯಿತು. ಆರು ತಿಂಗಳ ನಂತರವೂ ಒಸಡು ಹಲ್ಲನ್ನು ಮುಚ್ಚಿದ್ದರೆ, ಅಗಿಯಲು, ಉಜ್ಜಲು ಅಡ್ಡಿಯಾದರೆ, ಆಗ ಶಸ್ತ್ರಕ್ರಿಯೆ. ಬೆಳವಣಿಗೆ ಕೆಲವೇ ಹಲ್ಲುಗಳ ಸುತ್ತ ಇದ್ದು ಮೂಳೆ ಸರಿಯಾಗಿದ್ದರೆ ಹೆಚ್ಚಾದ ಒಸಡನ್ನು ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ. ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿರುತ್ತಾರೆ. ಮೇಲೆ ಒಂದು ಲೇಪ ಹಚ್ಚಿ ಸುಮಾರು ವಾರ ಬಿಡುತ್ತಾರೆ. ಮೂಳೆಯೂ ಹಾಳಾಗಿದ್ದರೆ ಒಸಡನ್ನು ಬಿಡಿಸಿ, ಒಳಗೆ ಶುಚಿಮಾಡಿ, ತೆಳುವಾಗಿಸಿ ಹೊಲಿಯುತ್ತಾರೆ. ಲೇಸರ್‌ನಿಂದ ಮಾಡಿದರೆ ರಕ್ತಸ್ರಾವ ಕಡಿಮೆ. ಶಸ್ತ್ರಕ್ರಿಯೆಗೆ ಮೊದಲು ಬಿ.ಪಿ. ಹತೋಟಿಯಲ್ಲಿರಬೇಕು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಮೊದಲೇ ಕತ್ತರಿಸಿಬಿಟ್ಟರೆ ಇಷ್ಟು ತಿಂಗಳ ಕಾಯುವಿಕೆ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಳಿಯುವುದಿಲ್ಲ. ಕತ್ತಿಗೆ ಸಿಗುವುದು ಬೆಳೆದ ನಾರು ಮಾತ್ರ. ನಾರು ಬೆಳೆಯಲು ಕಾರಣವಾದ ಮಾತ್ರೆ ಮತ್ತು ಪಾಚಿ ಹಾಗೇ ಇದ್ದರೆ ಒಸಡು ಮತ್ತೆ ಬರುತ್ತದೆ. ಔಷಧಿ ಮುಂದುವರಿಸಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಒಂದೂವರೆ ವರ್ಷದೊಳಗೆ ಮರಳಿತೆಂದು ಒಂದು ಅಧ್ಯಯನ ತೋರಿಸಿದೆ. ಶುಚಿತ್ವ ಕೆಟ್ಟವರಲ್ಲಿ, ತಪಾಸಣೆಗೆ ಬಾರದವರಲ್ಲಿ ಅದು ಹೆಚ್ಚು. ಉರಿಯೂತವಿರುವ ಒಸಡನ್ನು ಕತ್ತರಿಸಿದರೆ ರಕ್ತಸ್ರಾವವೂ ಜಾಸ್ತಿ. ಮೊದಲ ಎರಡು ಹೆಜ್ಜೆಗಳಲ್ಲೇ ಎಷ್ಟೋ ಜನರಿಗೆ ಶಸ್ತ್ರಕ್ರಿಯೆಯ ಅಗತ್ಯ ತಪ್ಪುತ್ತದೆ, ಅಥವಾ ಕತ್ತರಿಸುವ ಭಾಗ ಚಿಕ್ಕದಾಗುತ್ತದೆ. ಶಸ್ತ್ರಕ್ರಿಯೆ ಆದವರೂ ಆಗದವರೂ ಮೂರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ ಕ್ಲೀನ್ ಮಾಡಿಸಿಕೊಳ್ಳುವುದು ಅಗತ್ಯ.

ಈ ಔಷಧಿಗಳಲ್ಲಿ ಯಾವುದನ್ನಾದರೂ ಹೊಸದಾಗಿ ಬರೆದುಕೊಟ್ಟಿದ್ದರೆ, ಶುರುಮಾಡುವ ಹೊತ್ತಿಗೇ ಒಮ್ಮೆ ದಂತವೈದ್ಯರಲ್ಲಿಗೆ ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ, ಹೆಸರು ಕಾಣುವಂತೆ ಕತ್ತರಿಸದೆ. ಒಸಡು ಉಬ್ಬಿದೆ ಎನಿಸಿದರೂ, ನಿಮ್ಮ ಡಾಕ್ಟರನ್ನು ಕೇಳದೆ, ಇವತ್ತಿನ ಮಾತ್ರೆಯನ್ನು ದಯವಿಟ್ಟು ತಪ್ಪಿಸಬೇಡಿ.